ಗಿರಾಕಿಯ ಸಾರ್ವಜನಿಕ ದೂರಿಗೆ ಅಂಗಡಿಯ ಉತ್ತರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸೀರೆ ಅಂಗಡಿಗಳ ಮಾಲೀಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮಾತು ಗಾಳಿಯಲ್ಲಿ ತೇಲಬಾರದೆಂದು ಇಡೀ ಪುಟವನ್ನು ಒಂದೇ ದೂರಿನ ಸುತ್ತ ಹೆಣೆದಿದೆ. ಅಂಗಡಿಯ ಹೆಸರನ್ನೂ ಗಿರಾಕಿಯ ಹೆಸರನ್ನೂ ಬೇಕೆಂದೇ ಕೊಟ್ಟಿಲ್ಲ.

ಯಾವ ದೂರನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೀರಿ?

ದೇವರಾಜ ಅರಸು ರಸ್ತೆಯ ಆಸುಪಾಸಿನ ಒಂದು ಮಧ್ಯಮ ಗಾತ್ರದ ಸೀರೆ ಅಂಗಡಿ ಎಂದಿಟ್ಟುಕೊಳ್ಳಿ. ಮಂಡ್ಯದಿಂದ ಬಂದು ಸೀರೆ ಕೊಂಡಿದ್ದ ಒಬ್ಬ ಮಹಿಳೆ ಗೂಗಲ್ ಮ್ಯಾಪ್‌ನಲ್ಲಿ ಒಂದು ನಕ್ಷತ್ರ ಕೊಟ್ಟು ಹೀಗೆ ಬರೆದಿದ್ದಾರೆ:

"ಪ್ಯೂರ್ ಸಿಲ್ಕ್ ಅಂತ ಹೇಳಿ 8,500 ರೂಪಾಯಿ ತಗೊಂಡ್ರು. ಮೊದಲನೇ ಸಲ ನೀರಿಗೆ ಹಾಕಿದಾಗಲೇ ಅಂಚಿನ ಕಡುಗೆಂಪು ಬಣ್ಣ ಸೀರೆಗೆಲ್ಲ ಹತ್ತಿಕೊಂಡಿತು. ಇದು ರೇಷ್ಮೆನೇ ಅಲ್ಲ. ವಾಪಸ್ ತಗೊಂಡು ಹೋದ್ರೆ ಮಾರಿದ್ದು ಮಾರಿದ್ದೇ ಅಂತ ಎಲ್ಲರ ಮುಂದೆ ಬೈದು ಕಳಿಸಿದ್ರು. ಮೋಸಗಾರರು. ಯಾರೂ ಹೋಗಬೇಡಿ."

ಇಷ್ಟೇ ಸಾಲುಗಳಲ್ಲಿ ನಾಲ್ಕು ಬೇರೆ ಬೇರೆ ಮಾತುಗಳಿವೆ. ಸೀರೆ ರೇಷ್ಮೆಯದಲ್ಲ ಎನ್ನುವುದು ಪರೀಕ್ಷೆಯಿಂದ ತೀರ್ಮಾನವಾಗಬಹುದಾದ ಆರೋಪ. ಬಣ್ಣ ಬಿಟ್ಟಿತು ಎನ್ನುವುದು ಅವರು ಕಣ್ಣಾರೆ ಕಂಡ ಸಂಗತಿ. ಬೈದರು ಎನ್ನುವುದು ಅಂಗಡಿಯ ನಡವಳಿಕೆಯ ಬಗೆಗಿನ ದೂರು. ಮೋಸಗಾರರು ಎನ್ನುವುದು ಸಿಟ್ಟಿನ ಮಾತು. ಅಂಗಡಿಯವರ ಕಣ್ಣು ಸಾಮಾನ್ಯವಾಗಿ ಮೊದಲು ನೆಡುವುದು ಈ ಕೊನೆಯ ಮಾತಿನ ಮೇಲೆ, ಅವರು ಉತ್ತರಿಸಲು ಹೊರಡುವುದೂ ಅದಕ್ಕೇ. ನಾಲ್ಕರಲ್ಲಿ ಉತ್ತರವೇ ಬೇಕಿಲ್ಲದ ಮಾತು ಅದೊಂದೇ.

ಇಂಥದ್ದಕ್ಕೆ ಉತ್ತರ ಕೊಡಲೇಬೇಕೆ? ಸುಮ್ಮನಿದ್ದರೆ ತಾನಾಗಿಯೇ ಕೆಳಗೆ ಹೋಗುವುದಿಲ್ಲವೆ?

ಕೆಳಗೆ ಹೋಗುತ್ತದೆ ಎಂಬ ಭರವಸೆಯಿಲ್ಲ. ಓದುವವರು ರಿವ್ಯೂಗಳನ್ನು ಕಡಿಮೆ ನಕ್ಷತ್ರದಿಂದ ಮೇಲಕ್ಕೆ ಜೋಡಿಸಿಕೊಂಡು ನೋಡಬಹುದು, ಮದುವೆ ಸೀರೆ ಕೊಳ್ಳಲು ಹೊರಟವರು ಹಾಗೆಯೇ ನೋಡುತ್ತಾರೆ. ಅಂಥವರಿಗೆ ಎರಡು ವರ್ಷದ ಹಿಂದಿನ ದೂರೂ ಮೊದಲ ಸಾಲಿನಲ್ಲಿಯೇ ಸಿಗುತ್ತದೆ.

ಅಂಕಿಯ ಲೆಕ್ಕದಲ್ಲಿ ನಷ್ಟ ನಾವು ಹೆದರುವಷ್ಟು ದೊಡ್ಡದಲ್ಲ. 40 ರಿವ್ಯೂಗಳಿದ್ದು ಸರಾಸರಿ 4.6 ಇರುವ ಅಂಗಡಿಗೆ ಒಂದು ನಕ್ಷತ್ರದ ಇನ್ನೊಂದು ರಿವ್ಯೂ ಬಂದರೆ ಸರಾಸರಿ 4.5ಕ್ಕೆ ಇಳಿಯುತ್ತದೆ, ಅಷ್ಟೇ. 4.5 ಕಂಡು ಅಂಗಡಿಯ ಮೆಟ್ಟಿಲಿಳಿಯುವವರು ಯಾರೂ ಇಲ್ಲ. ನಷ್ಟವಾಗುವುದು "ರೇಷ್ಮೆನೇ ಅಲ್ಲ" ಎಂಬ ವಾಕ್ಯದಿಂದ, ಅದರ ಕೆಳಗೆ ಅಂಗಡಿಯ ಕಡೆಯಿಂದ ಏನೂ ಇಲ್ಲದಿರುವುದರಿಂದ. ಆದ್ದರಿಂದ ಉತ್ತರವು ದೂರು ಬರೆದವರ ಹೆಸರಿಗೇ ಇದ್ದರೂ ಅದರ ಬಹುಪಾಲು ಓದುಗರು ಮುಂದೆ ಬರಲಿರುವ ಗಿರಾಕಿಗಳು ಎಂಬುದನ್ನು ಬರೆಯುವಾಗ ಮರೆಯಬಾರದು. ಅವರಿಗೆ ಈ ಜಗಳದಲ್ಲಿ ಗೆದ್ದವರು ಯಾರೆಂಬುದು ಬೇಕಿಲ್ಲ. ನಾಳೆ ನನ್ನ ಸೀರೆಗೂ ಹೀಗಾದರೆ ಇವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಷ್ಟೇ ಬೇಕು.

ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕು?

ಕಂಡ ದಿನವೇ ವಿಚಾರಣೆ ಶುರುವಾಗಬೇಕು, ಉತ್ತರ ಮರುದಿನ ಅಥವಾ ಅದರ ಮರುದಿನ ಹೋದರೆ ಸಾಕು. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ, ದಿನದ ದಣಿವಿನಲ್ಲಿ, ಮೊಬೈಲ್‌ನಲ್ಲಿ ಬರೆದ ಉತ್ತರಗಳನ್ನು ಅವುಗಳ ಧಾಟಿಯಿಂದಲೇ ಗುರುತಿಸಬಹುದು. ದಸರಾ ಅಥವಾ ವರಮಹಾಲಕ್ಷ್ಮಿ ಹಬ್ಬದ ಗಲಾಟೆಯಲ್ಲಿ ವಿಚಾರಣೆಗೆ ಹೆಚ್ಚು ಸಮಯ ಹಿಡಿಯುವುದಾದರೆ, "ತಮ್ಮ ದೂರನ್ನು ಓದಿದ್ದೇವೆ, ಸೀರೆಯ ವಿವರ ಪರಿಶೀಲಿಸುತ್ತಿದ್ದೇವೆ, ಶುಕ್ರವಾರದೊಳಗೆ ಇಲ್ಲಿಯೇ ತಿಳಿಸುತ್ತೇವೆ" ಎಂದು ಬರೆದಿಡಬಹುದು. ಗೂಗಲ್‌ನಲ್ಲಿ ಒಂದು ರಿವ್ಯೂಗೆ ಮಾಲೀಕರು ಒಂದೇ ಉತ್ತರ ಕೊಡಲು ಸಾಧ್ಯ, ಆದರೆ ಅದನ್ನು ಆಮೇಲೆ ತಿದ್ದಬಹುದು. ಶುಕ್ರವಾರ ಎಂದು ಬರೆದ ಮೇಲೆ ಶುಕ್ರವಾರ ತಿದ್ದಲೇಬೇಕು, ಇಲ್ಲವಾದರೆ ಬರೆಯದಿರುವುದೇ ಮೇಲು.

ಬರೆಯುವ ಮೊದಲು ಏನೇನು ಪರಿಶೀಲಿಸಬೇಕು?

ಉತ್ತರದ ಮುಕ್ಕಾಲು ಕೆಲಸ ಇಲ್ಲಿಯೇ ಮುಗಿಯುತ್ತದೆ. ಆದರೆ ಹೆಚ್ಚಿನವರು ದಾಟಿಕೊಂಡು ಹೋಗುವುದೂ ಇದನ್ನೇ.

ಮೊದಲು ಬಿಲ್ ಹುಡುಕಬೇಕು. ರಿವ್ಯೂನಲ್ಲಿ ಗಿರಾಕಿಯ ಪೂರ್ತಿ ಹೆಸರಿರುವುದಿಲ್ಲ, ಕೆಲವೊಮ್ಮೆ ಅಡ್ಡಹೆಸರಷ್ಟೇ ಇರುತ್ತದೆ. ಆದರೆ ಬೆಲೆ ಮತ್ತು ಅಂಚಿನ ಬಣ್ಣ ಎರಡೂ ಇದ್ದರೆ ಬಿಲ್ಲಿಂಗ್ ಯಂತ್ರದಲ್ಲಿ ಅಂಥ ಮಾರಾಟಗಳು ನಾಲ್ಕೈದಕ್ಕಿಂತ ಹೆಚ್ಚು ಸಿಗುವುದಿಲ್ಲ. ಬಿಲ್‌ನಲ್ಲಿ ಸೀರೆಯ ಕೋಡ್ ಇದ್ದರೆ ಅದು ಯಾವ ನೇಕಾರರ ಅಥವಾ ಯಾವ ಸಗಟು ವ್ಯಾಪಾರಿಯ ಸರಕು, ಅದೇ ಲಾಟ್‌ನಲ್ಲಿ ಇನ್ನೆಷ್ಟು ಸೀರೆಗಳು ಅಲಮಾರಿಯಲ್ಲಿ ಉಳಿದಿವೆ ಎಂಬುದು ಗೊತ್ತಾಗುತ್ತದೆ.

ನಮ್ಮ ಉದಾಹರಣೆಯ ಅಂಗಡಿಯಲ್ಲಿ ಅದೇ ಲಾಟ್‌ನ ಎರಡು ಸೀರೆಗಳು ಉಳಿದಿದ್ದವು. ಬಿಳಿಯ ಹತ್ತಿ ಬಟ್ಟೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಅಂಚಿನ ಮೇಲಿಟ್ಟು ಐದು ನಿಮಿಷ ಒತ್ತಿ ಹಿಡಿದರೆ ಬಣ್ಣ ಗಟ್ಟಿಯೋ ಅಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ತೀರಾ ಕಡು ಬಣ್ಣದ ಸೀರೆಗಳಲ್ಲಿ ಬಟ್ಟೆಗೆ ತುಸು ಛಾಯೆ ತಾಗುವುದುಂಟು. ಆದರೆ ಈ ಎರಡು ಸೀರೆಗಳನ್ನು ಒತ್ತಿದ ಬಟ್ಟೆ ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ಬಣ್ಣ ಹಾಕಿದ ಮೇಲೆ ಉಳಿಕೆ ಬಣ್ಣವನ್ನು ಸರಿಯಾಗಿ ತೊಳೆದು ತೆಗೆಯದಿದ್ದಾಗ, ಅಥವಾ ಬಣ್ಣ ನೂಲಿಗೆ ಕೂರುವಷ್ಟು ಹೊತ್ತು ಕೊಡದಿದ್ದಾಗ ಹೀಗಾಗುತ್ತದೆ. ತಿಳಿಬಣ್ಣದ ಒಡಲಿಗೆ ಕಡುಬಣ್ಣದ ಅಂಚಿರುವ ಸೀರೆಯಲ್ಲಿ ಇದು ಕಣ್ಣಿಗೆ ರಾಚುತ್ತದೆ. ಗಿರಾಕಿ ಬಿಸಿನೀರು ಬಳಸಿದ್ದರೆ ಅಥವಾ ಸಾಮಾನ್ಯ ಡಿಟರ್ಜೆಂಟ್ ಪುಡಿಯಲ್ಲಿ ನೆನೆಹಾಕಿದ್ದರೆ ಬಣ್ಣ ಇನ್ನಷ್ಟು ಬಿಟ್ಟಿರಬಹುದು, ಆದರೆ ತಣ್ಣೀರಿಗೇ ಈ ಪರಿ ಬಿಡುವ ಸೀರೆಯ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ.

ಇನ್ನು ರೇಷ್ಮೆ. ಉಳಿದ ಎರಡೂ ಸೀರೆಗಳಿಗೆ ಸಿಲ್ಕ್ ಮಾರ್ಕ್ ಚೀಟಿ ಇತ್ತು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಈ ಗುರುತಿನ ಚೀಟಿಯಲ್ಲಿ ಹೋಲೋಗ್ರಾಮ್ ಮತ್ತು ಪ್ರತ್ಯೇಕ ಸಂಖ್ಯೆ ಇರುತ್ತವೆ. ಅದು ಭರವಸೆ ಕೊಡುವುದು ನೂಲು ಅಸಲಿ ರೇಷ್ಮೆ ಎಂಬುದಕ್ಕೆ ಮಾತ್ರ. ಬಣ್ಣ ಬಿಡುವುದಿಲ್ಲ ಎಂಬುದಕ್ಕೆ ಅದು ಭರವಸೆಯಲ್ಲ. ಅಪ್ಪಟ ರೇಷ್ಮೆಯೂ ಬಣ್ಣ ಬಿಡಬಹುದು, ಪಾಲಿಯೆಸ್ಟರ್ ಸೀರೆ ಹತ್ತು ಸಲ ಒಗೆದರೂ ಬಿಡದಿರಬಹುದು. ಗಿರಾಕಿಯ ಮನಸ್ಸಿನಲ್ಲಿ ಈ ಎರಡು ಸಂಗತಿಗಳು ಒಂದಾಗಿವೆ, ಉತ್ತರವು ಅವನ್ನು ಬೇರ್ಪಡಿಸಬೇಕು. ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡುವ ಹಳೆಯ ಪರೀಕ್ಷೆಯೂ ಇದೆ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಇದು ಅಂಗಡಿಯವರ ಖಾತ್ರಿಗೆ ಸಾಕು. ಸಾರ್ವಜನಿಕವಾಗಿ ಹೇಳಿಕೊಳ್ಳಲು ಪ್ರಯೋಗಾಲಯದ ವರದಿಯೇ ಬೇಕು.

ಕೊನೆಯದು ಕೌಂಟರ್‌ನಲ್ಲಿ ಏನಾಯಿತು ಎಂಬುದು. ಸಿಬ್ಬಂದಿಯನ್ನು ಕರೆದು "ಬೈದೆಯಾ?" ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. "ಅಂಚಿನ ಬಣ್ಣ ಬಿಟ್ಟ ಸೀರೆ ತಂದಿದ್ದರಲ್ಲ, ಆ ದಿನ ಏನೇನು ಮಾತಾಯಿತು, ಮೊದಲಿನಿಂದ ಹೇಳು" ಎಂದು ಕೇಳಬೇಕು. ಇಲ್ಲಿ ಹೊರಬಿದ್ದದ್ದು ಇಷ್ಟು: ಭಾನುವಾರ ಸಂಜೆ, ಅಂಗಡಿ ತುಂಬಿತ್ತು, ಮಾಲೀಕರಿರಲಿಲ್ಲ. ಹಿರಿಯ ಸೇಲ್ಸ್‌ಮನ್ ಬಿಲ್‌ನ ಅಡಿಯ ಸಾಲನ್ನು ತೋರಿಸಿ "ಓದ್ಕೊಳ್ಳಿ ಮೇಡಂ" ಎಂದಿದ್ದರು. ಬೈದದ್ದಲ್ಲ, ನಿಜ. ಆದರೆ ಎಂಟೂವರೆ ಸಾವಿರ ಕೊಟ್ಟು ಮಂಡ್ಯದಿಂದ ಮತ್ತೆ ಬಸ್ಸು ಹತ್ತಿ ಬಂದವರಿಗೆ ನಾಲ್ಕು ಜನರ ಮುಂದೆ ಆ ಮಾತು ಬೈದಂತೆಯೇ ಕೇಳಿಸಿರುತ್ತದೆ.

ಹಾಗಾದರೆ ಉತ್ತರದ ಒಕ್ಕಣೆ ಹೇಗಿರಬೇಕು?

ಸಿಟ್ಟಿನಲ್ಲಿ ಸಿದ್ಧವಾದ ಮೊದಲ ಕರಡು ಹೀಗಿತ್ತು:

"ನಾವು ಅನೇಕ ವರ್ಷಗಳಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡಿಕೊಂಡು ಬಂದಿದ್ದೇವೆ. ನಮ್ಮಲ್ಲಿ ಸಿಗುವುದು ಅಸಲಿ ಮೈಸೂರು ಸಿಲ್ಕ್ ಮಾತ್ರ. ರೇಷ್ಮೆ ಸೀರೆಯನ್ನು ಮನೆಯಲ್ಲಿ ಒಗೆಯಬಾರದೆಂಬ ಸಾಮಾನ್ಯ ಜ್ಞಾನವೂ ಇಲ್ಲದವರು ಅಂಗಡಿಯ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಬಿಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಇಂಥ ಸುಳ್ಳು ಪ್ರಚಾರದ ವಿರುದ್ಧ ಕಾನೂನು ಕ್ರಮ ಕೈಗೊಳ್ಳುತ್ತೇವೆ."

ಇದರ ಒಂದೊಂದು ವಾಕ್ಯವೂ ಅಂಗಡಿಗೇ ತಿರುಗುಬಾಣವಾಗುತ್ತದೆ. ವ್ಯಾಪಾರದ ಹಳಮೆ ಈ ಸೀರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯ ವಾಕ್ಯ ಇನ್ನೂ ಅಪಾಯದ್ದು. "ಮೈಸೂರು ಸಿಲ್ಕ್" ಎಂಬುದು ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಹೆಸರು, ಅದನ್ನು ನೋಂದಾಯಿಸಿಕೊಂಡಿರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ. ಬೇರೆ ಕಡೆ ನೇಯ್ದ ಸೀರೆಗೆ ಸಿಟ್ಟಿನ ಭರದಲ್ಲಿ ಆ ಹೆಸರು ಹಚ್ಚಿದರೆ, ಇಲ್ಲದ ಒಂದು ಹೊಸ ಆರೋಪಕ್ಕೆ ಅಂಗಡಿಯೇ ಬರವಣಿಗೆಯಲ್ಲಿ ಸಾಕ್ಷಿ ಒದಗಿಸಿದಂತಾಗುತ್ತದೆ. ಮೂರನೆಯದು ಗಿರಾಕಿಯನ್ನು ದಡ್ಡರೆನ್ನುತ್ತದೆ. ಓದುವ ಪ್ರತಿ ಹೆಣ್ಣುಮಗಳೂ ತಾನೂ ಒಮ್ಮೆ ಸೀರೆಯನ್ನು ಮನೆಯಲ್ಲಿ ಒಗೆದದ್ದನ್ನು ನೆನಪಿಸಿಕೊಳ್ಳುತ್ತಾಳೆ. ಉಳಿದೆರಡು ವಾಕ್ಯಗಳ ವಿಚಾರ ಮುಂದೆ ಬರುತ್ತದೆ.

ವಿಚಾರಣೆಯ ನಂತರ ಹೋದ ಉತ್ತರ ಇದು:

"ನಮಸ್ಕಾರ. ಹೊಸ ಸೀರೆಯ ಬಣ್ಣ ಮೊದಲ ಸಲವೇ ಬಿಟ್ಟಿದ್ದರಿಂದ ತಮಗಾದ ಬೇಸರ ಅರ್ಥವಾಗುತ್ತದೆ. ಅದನ್ನು ಹಿಡಿದು ಅಂಗಡಿಗೆ ಬಂದಾಗ ಕೂರಿಸಿ ವಿಚಾರಿಸಬೇಕಿತ್ತು, ಹಾಗೆ ಆಗದಿದ್ದುದಕ್ಕೆ ಕ್ಷಮೆ ಕೋರುತ್ತೇವೆ. ಕಡುಗೆಂಪು ಅಂಚಿನ ಆ ಬಗೆಯ ಸೀರೆಗಳನ್ನು ನಿನ್ನೆ ಪರೀಕ್ಷಿಸಿದೆವು, ಅಂಚಿನ ಬಣ್ಣ ತಣ್ಣೀರಿಗೂ ಬಿಡುತ್ತಿದೆ. ಉಳಿದವನ್ನು ಮಾರಾಟದಿಂದ ತೆಗೆದಿದ್ದೇವೆ. ತಮ್ಮ ಸೀರೆಯನ್ನು ತಂದುಕೊಟ್ಟರೆ ಬೇರೆ ಸೀರೆ ಅಥವಾ ಪೂರ್ತಿ ಹಣ, ತಮ್ಮ ಇಷ್ಟದಂತೆ ಕೊಡುತ್ತೇವೆ. ರೇಷ್ಮೆಯ ಬಗ್ಗೆ ಒಂದು ಮಾತು: ಈ ಸೀರೆಗಳು ಸಿಲ್ಕ್ ಮಾರ್ಕ್ ಚೀಟಿಯೊಂದಿಗೆ ಬಂದವು. ತಮಗೆ ಸಂಶಯ ಉಳಿದಿದ್ದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸೋಣ, ಖರ್ಚು ನಮ್ಮದು. ಅಂಗಡಿಯ ನಂಬರಿಗೆ ಕರೆ ಮಾಡಿ ಮಾಲೀಕರನ್ನು ಕೇಳಿ, ನಾನೇ ಮಾತನಾಡುತ್ತೇನೆ."

ಇಲ್ಲಿ ಬಣ್ಣದ ವಿಷಯದಲ್ಲಿ ಅಂಗಡಿ ಪೂರ್ತಿ ಬಾಗಿದೆ, ರೇಷ್ಮೆಯ ವಿಷಯದಲ್ಲಿ ಒಂದಿಷ್ಟೂ ಬಾಗಿಲ್ಲ. "ಅಪ್ಪಟ ರೇಷ್ಮೆ" ಎಂದು ಎದೆ ತಟ್ಟಿಕೊಳ್ಳದೆ, ಚೀಟಿ ಇತ್ತು ಎಂಬ ತೋರಿಸಬಹುದಾದ ಸಂಗತಿಯನ್ನು ಹೇಳಿ, ಪರೀಕ್ಷೆಗೆ ತಾನೇ ಮುಂದಾಗಿದೆ. ಸರಕಿನ ಮೇಲೆ ನಂಬಿಕೆಯಿಲ್ಲದವರು ಪರೀಕ್ಷೆಯ ಖರ್ಚು ಹೊರಲು ಮುಂದಾಗುವುದಿಲ್ಲ ಎಂಬುದನ್ನು ಓದುಗರು ತಾವಾಗಿಯೇ ಊಹಿಸಿಕೊಳ್ಳುತ್ತಾರೆ. ಮೋಸಗಾರರು ಎಂಬ ಮಾತಿಗೆ ಉತ್ತರವಿಲ್ಲ. ಸೇಲ್ಸ್‌ಮನ್‌ನನ್ನು ಬಿಟ್ಟುಕೊಟ್ಟೂ ಇಲ್ಲ, "ಹಾಗೆ ಆಗದಿದ್ದುದಕ್ಕೆ" ಎಂದು ಅಂಗಡಿಯೇ ಹೊತ್ತುಕೊಂಡಿದೆ. ಸಿಬ್ಬಂದಿಯ ಹೆಸರನ್ನು ಹೇಳಿ ತಲೆದಂಡ ಕೊಡುವ ಉತ್ತರಗಳನ್ನು ನೋಡಿದ್ದೇನೆ. ಅದರಿಂದ ಗಿರಾಕಿಗೂ ಸಮಾಧಾನವಾಗುವುದಿಲ್ಲ, ಅಂಗಡಿಯ ಒಳಗಿನ ಮನಸ್ಸೂ ಕೆಡುತ್ತದೆ.

ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲವೆ? ನಾಳೆ ಅದನ್ನೇ ಗ್ರಾಹಕ ಆಯೋಗದಲ್ಲಿ ತೋರಿಸಿದರೆ?

ಯಾವುದಕ್ಕೆ ಕ್ಷಮೆ ಕೇಳುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಸಾರ್ವಜನಿಕವಾಗಿ ಬರೆದ ಉತ್ತರ ನಾಳೆ ದಾಖಲೆಯಾಗಿ ಮುಂದೆ ಬರಬಹುದು, ಆದ್ದರಿಂದ ಭಯ ನಿರಾಧಾರವಲ್ಲ. ವಿಚಾರಣೆಯಲ್ಲಿ ಖಚಿತವಾದ ಸಂಗತಿಗೆ ಮಾತ್ರ ಹೊಣೆ ಹೊರಬೇಕು. ಖಚಿತವಾಗದಿದ್ದರೆ ಗಿರಾಕಿಗಾದ ತೊಂದರೆಗೆ ವಿಷಾದ ಹೇಳಿ, ಪರಿಶೀಲಿಸುತ್ತೇವೆ ಎಂದು ನಿಲ್ಲಿಸಬೇಕು. ಒದ್ದೆ ಬಟ್ಟೆ ಕೆಂಪಾಗದಿದ್ದರೆ ನಮ್ಮ ಉದಾಹರಣೆಯ ಅಂಗಡಿಯ ಉತ್ತರದಲ್ಲಿ ಹಣ ವಾಪಸಿನ ಮಾತು ಬರುತ್ತಿರಲಿಲ್ಲ. "ಅದೇ ಬಗೆಯ ಸೀರೆಗಳಲ್ಲಿ ಬಣ್ಣ ಬಿಡುವುದು ಕಾಣಲಿಲ್ಲ, ತಮ್ಮ ಸೀರೆಯನ್ನು ನೋಡದೆ ಕಾರಣ ಹೇಳುವುದು ಸರಿಯಾಗದು, ದಯವಿಟ್ಟು ತನ್ನಿ" ಎಂದಿರುತ್ತಿತ್ತು.

"ತಮಗೆ ಬೇಸರವಾಗಿದ್ದರೆ ಕ್ಷಮಿಸಿ" ಎಂಬ ಒಕ್ಕಣೆಯನ್ನಂತೂ ಬಿಟ್ಟುಬಿಡಿ. ಬೇಸರವಾಗಿದೆ ಎಂದು ಅವರು ಆಗಲೇ ಬರೆದಿದ್ದಾರೆ. "ಆಗಿದ್ದರೆ" ಎಂದರೆ ಅವರ ಮಾತನ್ನು ನಂಬಿಲ್ಲ ಎಂದಂತೆ.

ನಮ್ಮ ಬಿಲ್‌ನಲ್ಲಿ "ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ" ಎಂದು ಮುದ್ರಿಸಿದ್ದೇವೆ. ಅದನ್ನೇ ಉತ್ತರದಲ್ಲಿ ತೋರಿಸಬಹುದಲ್ಲ?

ತೋರಿಸಬಾರದು, ಏಕೆಂದರೆ ದೋಷವಿರುವ ಸರಕಿನ ವಿಷಯದಲ್ಲಿ ಆ ಸಾಲು ಅಂಗಡಿಯನ್ನು ಕಾಪಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳನ್ನು ಹೆಸರಿಸುತ್ತದೆ. ದೋಷಯುಕ್ತ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಅವುಗಳಲ್ಲಿ ಒಂದು. ಬಣ್ಣ ಇಷ್ಟವಾಗಲಿಲ್ಲ, ಅತ್ತಿಗೆಗೆ ಒಪ್ಪಿಗೆಯಾಗಲಿಲ್ಲ ಎಂದು ತಂದ ಸೀರೆಗೆ ಅಂಗಡಿಯ ನಿಯಮ ಹೇಳಬಹುದು. ತಣ್ಣೀರಿಗೆ ಬಣ್ಣ ಬಿಟ್ಟ ಸೀರೆಗೆ ಹೇಳಲಾಗದು. ಆ ನಿಯಮವನ್ನು ಸಾರ್ವಜನಿಕ ಉತ್ತರದಲ್ಲಿ ಹೆಮ್ಮೆಯಿಂದ ಬರೆದರೆ, ನಿರಾಕರಿಸಿದ್ದು ನಿಜ ಎಂದು ಅಂಗಡಿಯೇ ಸಹಿ ಹಾಕಿದಂತಾಗುತ್ತದೆ.

ಈ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು ಎಂಬುದೂ ಗೊತ್ತಿರಲಿ. ಮಂಡ್ಯದ ಗಿರಾಕಿ ಮಂಡ್ಯದಲ್ಲಿ ದೂರು ಕೊಟ್ಟರೆ ಓಡಾಟ ಮೈಸೂರಿನ ಅಂಗಡಿಯವರದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಎಂಟೂವರೆ ಸಾವಿರದ ಸೀರೆಗಾಗಿ ಅಷ್ಟು ದೂರ ಹೋಗುವುದು ಇಬ್ಬರಿಗೂ ಬೇಡ.

ಗಿರಾಕಿಯ ಬಿಲ್, ಫೋನ್ ನಂಬರ್, ವಾಟ್ಸಾಪ್ ಮಾತುಕತೆ, ಅಂಗಡಿಯ ಸಿಸಿ ಕ್ಯಾಮೆರಾ ದೃಶ್ಯ ಹಾಕಿ ಸತ್ಯ ತೋರಿಸಬಹುದೆ?

ಬೇಡವೇ ಬೇಡ. ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು, ಕಾನೂನು ಅವಕಾಶ ಕೊಡದ ರೀತಿಯಲ್ಲಿ, ಬೇರೆಯವರಿಗೆ ಬಯಲು ಮಾಡುವುದೂ ಅದೇ ಕಲಂ 2(47)ರ ಪಟ್ಟಿಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾಗಿ ಸೇರಿದೆ. ಸೀರೆಯ ದೂರೊಂದೇ ಇದ್ದಲ್ಲಿ ಎರಡನೆಯದನ್ನು ನಾವೇ ಹುಟ್ಟಿಸಿದಂತಾಗುತ್ತದೆ.

ಸೂಕ್ಷ್ಮವಾದ ಇನ್ನೊಂದು ಅಂಶವಿದೆ. ಗಿರಾಕಿ ತಾವಾಗಿ ಬರೆದಿರುವ ವಿವರಗಳನ್ನು ಉತ್ತರದಲ್ಲಿ ಬಳಸಬಹುದು, ಅದರಾಚೆಗೆ ಒಂದನ್ನೂ ಸೇರಿಸಬಾರದು. ಮೇಲಿನ ಉತ್ತರದಲ್ಲಿ ಕಡುಗೆಂಪು ಅಂಚಿನ ಮಾತಿದೆ, ಅದು ಅವರದೇ ಮಾತು. ಬಿಲ್‌ನಿಂದ ಗೊತ್ತಾದ ಅವರ ಪೂರ್ತಿ ಹೆಸರು, ಕೊಂಡ ದಿನ, ಜೊತೆಗೆ ಬಂದಿದ್ದವರು, ಹಣ ಕೊಟ್ಟ ಬಗೆ ಇವೊಂದೂ ಇಲ್ಲ. "ನೀವು ಮಗಳ ನಿಶ್ಚಿತಾರ್ಥಕ್ಕೆಂದು ಐದು ಸೀರೆ ಕೊಂಡಿರಿ" ಎಂದು ಪ್ರೀತಿಯಿಂದ ಬರೆದರೂ ಅದು ಅವರ ಮನೆಯ ವಿಷಯವನ್ನು ಊರಿಗೆ ಹೇಳಿದಂತೆಯೇ.

ಬಿಲ್‌ನಲ್ಲಿರುವ ನಂಬರಿಗೆ ಖಾಸಗಿಯಾಗಿ ಕರೆ ಮಾಡಬಹುದೆ ಎಂದು ಕೆಲವರು ಕೇಳುತ್ತಾರೆ. ದೂರು ಬರೆದವರು ಅವರೇ ಎಂಬುದು ಖಚಿತವಿದ್ದರೆ, ಹಗಲು ಹೊತ್ತಿನಲ್ಲಿ, ಮಾಲೀಕರೇ ಒಂದು ಸಲ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲು ಸಾರ್ವಜನಿಕ ಉತ್ತರ ಹೋಗಿ ಆಮೇಲೆ ಕರೆ ಹೋಗುವುದು ವಾಸಿ. ಹಿಂದುಮುಂದಾದರೆ ಆ ಕರೆ ಬೆದರಿಕೆಯಂತೆ ಕೇಳಿಸಬಹುದು, "ಫೋನ್ ಮಾಡಿ ಹೆದರಿಸಿದರು" ಎಂಬ ಇನ್ನೊಂದು ಸಾಲು ರಿವ್ಯೂಗೆ ಸೇರಬಹುದು.

ಬರೆದವರು ನಮ್ಮ ಗಿರಾಕಿಯೇ ಅಲ್ಲ, ಪಕ್ಕದ ಅಂಗಡಿಯವರು ಬರೆಸಿದ್ದು ಎಂಬ ಅನುಮಾನವಿದ್ದರೆ?

ಅನುಮಾನವನ್ನು ಸಾರ್ವಜನಿಕವಾಗಿ ಬರೆಯಬೇಡಿ. ಅನುಮಾನ ತಪ್ಪಾಗಿದ್ದರೆ ನಿಜವಾದ ಗಿರಾಕಿಯನ್ನು ಸುಳ್ಳುಗಾರರೆಂದು ಕರೆದಂತಾಗುತ್ತದೆ, ಸರಿಯಾಗಿದ್ದರೂ ಓದುವವರಿಗೆ ಅದು ನೆಪದಂತೆ ಕಾಣುತ್ತದೆ.

ಮಾಲೀಕರಿಗೆ ರಿವ್ಯೂ ಅಳಿಸುವ ಅಧಿಕಾರವಿಲ್ಲ, ವರದಿ ಮಾಡಬಹುದು ಅಷ್ಟೇ. ಅಂಗಡಿಯ ಪ್ರೊಫೈಲ್ ಪರಿಶೀಲನೆಯಾಗಿದ್ದರೆ ಆ ರಿವ್ಯೂ ಪಕ್ಕದ ಮೂರು ಚುಕ್ಕಿಯ ಗುರುತಿನಿಂದ ವರದಿ ಕಳುಹಿಸಬಹುದು, ತಿರಸ್ಕೃತವಾದರೆ ಒಮ್ಮೆ ಮೇಲ್ಮನವಿಗೂ ಅವಕಾಶವಿದೆ. ಹಿತಾಸಕ್ತಿ ಸಂಘರ್ಷ, ಅಂದರೆ ಪ್ರತಿಸ್ಪರ್ಧಿಗಳು ಬರೆಸಿದ್ದು, ಅಶ್ಲೀಲ ಬೈಗುಳ, ಜಾತಿ ಅಥವಾ ಧರ್ಮದ ನಿಂದನೆ, ಖಾಸಗಿ ಮಾಹಿತಿ, ಅಂಗಡಿಗೆ ಸಂಬಂಧವೇ ಇಲ್ಲದ ಬರಹ ಇಂಥವು ಗೂಗಲ್‌ನ ನಿಯಮಗಳಿಗೆ ವಿರುದ್ಧ. "ಇದು ಸುಳ್ಳು" ಎಂಬ ಕಾರಣವೊಂದರಿಂದಲೇ ತೆಗೆಯುವುದು ಅಪರೂಪ, ಏಕೆಂದರೆ ಗಿರಾಕಿ ಮತ್ತು ಅಂಗಡಿಯ ನಡುವಿನ ವ್ಯಾಜ್ಯದಲ್ಲಿ ಗೂಗಲ್ ತೀರ್ಪು ಕೊಡಲು ಹೋಗುವುದಿಲ್ಲ. ನಮ್ಮ ಉದಾಹರಣೆಯ ರಿವ್ಯೂನಲ್ಲಿ ವರದಿ ಮಾಡುವಂಥದ್ದು ಏನೂ ಇಲ್ಲ. ಮೋಸಗಾರರು ಎಂಬ ಪದಕ್ಕಾಗಿ ವರದಿ ಮಾಡಿದರೆ ಸಮಯ ವ್ಯರ್ಥ.

ವರದಿ ಮಾಡಿ ಕಾಯುತ್ತಿರುವಾಗಲೂ ಉತ್ತರ ಬೇಕು: "ತಾವು ಹೇಳಿದ ಬೆಲೆಯ, ಬಣ್ಣದ ಮಾರಾಟ ನಮ್ಮ ಬಿಲ್‌ಗಳಲ್ಲಿ ಸಿಗಲಿಲ್ಲ. ಬಿಲ್ ಸಂಖ್ಯೆಯನ್ನು ಅಂಗಡಿಯ ನಂಬರಿಗೆ ತಿಳಿಸಿದರೆ ತಕ್ಷಣ ಪರಿಶೀಲಿಸುತ್ತೇವೆ." ನಿಜವಾದ ಗಿರಾಕಿಯಾದರೆ ಬಿಲ್ ಹಿಡಿದು ಕರೆ ಮಾಡುತ್ತಾರೆ.

ಹಣ ವಾಪಸ್ ಕೊಡುತ್ತೇವೆ, ಬದಲಿಗೆ ರಿವ್ಯೂ ತೆಗೆಯಿರಿ ಎಂದು ಷರತ್ತು ಹಾಕಬಹುದೆ?

ಹಾಕಬಾರದು. ಟೀಕೆಯ ರಿವ್ಯೂವನ್ನು ತೆಗೆಸಲು ಅಥವಾ ಬದಲಿಸಲು ಹಣ, ರಿಯಾಯಿತಿ, ಉಡುಗೊರೆ ಕೊಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಅಂಥ ಮಾತಿನ ವಾಟ್ಸಾಪ್ ಚಿತ್ರವೊಂದು ಹೊರಬಿದ್ದರೆ ಬಣ್ಣ ಬಿಟ್ಟ ಸೀರೆಯ ಕತೆ ಮರೆತುಹೋಗಿ "ಬಾಯಿ ಮುಚ್ಚಿಸಲು ದುಡ್ಡು ಕೊಟ್ಟರು" ಎಂಬ ಕತೆ ಉಳಿಯುತ್ತದೆ. ಹಣ ಸೀರೆಗೆ ಸಂಬಂಧಿಸಿದ್ದು, ರಿವ್ಯೂ ಅವರಿಗೆ ಬಿಟ್ಟದ್ದು. ಉತ್ತರ ಬಂದಾಗ ಬರೆದವರಿಗೆ ಸೂಚನೆ ಹೋಗುತ್ತದೆ, ಬೇಕೆನಿಸಿದರೆ ಅವರೇ ತಮ್ಮ ಮಾತನ್ನು ಬದಲಿಸುತ್ತಾರೆ.

ನೆಂಟರು, ಸಿಬ್ಬಂದಿಯಿಂದ ಐದು ನಕ್ಷತ್ರ ಹಾಕಿಸಿದರೆ ಸರಾಸರಿ ಸರಿಹೋಗುತ್ತದಲ್ಲ?

ಅಂಕಿ ಏರುತ್ತದೆ, ಮರ್ಯಾದೆ ಇಳಿಯುತ್ತದೆ. ಒಂದೇ ವಾರದಲ್ಲಿ "ಸೂಪರ್ ಕಲೆಕ್ಷನ್" ಎಂಬ ಏಳೆಂಟು ರಿವ್ಯೂಗಳು ಸಾಲಾಗಿ ಬಂದರೆ ಯಾರಿಗೂ ತಿಳಿಯದೆ ಇರುವುದಿಲ್ಲ, ಗೂಗಲ್ ಅವನ್ನು ತೆಗೆದುಹಾಕಲೂಬಹುದು. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಹೊರತಂದ ಐಎಸ್ 19000 ಎಂಬ ಮಾನಕವೂ ಕೊಂಡುತಂದ, ಬರೆಸಿದ ರಿವ್ಯೂಗಳ ವಿರುದ್ಧವೇ ಇದೆ.

ಉತ್ತರ ಕನ್ನಡದಲ್ಲಿರಬೇಕೆ, ಇಂಗ್ಲಿಷಿನಲ್ಲಿರಬೇಕೆ?

ದೂರು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ಆದರೆ ಅವರು ಆಡುಮಾತಿನಲ್ಲಿ ಬರೆದಿದ್ದಾರೆಂದು ಅಂಗಡಿಯೂ ಏಕವಚನದ ಹತ್ತಿರ ಬರಬಾರದು, "ತಾವು" ಎಂಬುದು ಕೊನೆಯವರೆಗೂ ತಾವಾಗಿಯೇ ಇರಲಿ.

ವಕೀಲರಿಂದ ನೋಟಿಸ್ ಕೊಡಿಸಿದರೆ ಹೆದರಿ ತೆಗೆಯುವುದಿಲ್ಲವೆ?

ಕೆಲವರು ತೆಗೆಯುತ್ತಾರೆ. ಕೆಲವರು ನೋಟಿಸಿನ ಚಿತ್ರವನ್ನೇ ಎಲ್ಲೆಡೆ ಹಂಚುತ್ತಾರೆ. ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಅಡಿ ಅಪರಾಧ ಎಂಬುದು ನಿಜ, ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಆ ಕಲಮಿನಲ್ಲಿಯೇ ವಿನಾಯಿತಿ ಇದೆ. ಬಣ್ಣ ಬಿಟ್ಟದ್ದು ಸತ್ಯವಾಗಿರುವಾಗ ಅಂಗಡಿಯ ಕಾಲು ಗಟ್ಟಿ ನೆಲದ ಮೇಲಿಲ್ಲ. ಸೀರೆಯನ್ನೇ ಕೊಳ್ಳದವರು ಪದೇ ಪದೇ ಸುಳ್ಳು ಹರಡುತ್ತಿದ್ದರೆ, ಹಣ ಕೇಳಿ ಬೆದರಿಸುತ್ತಿದ್ದರೆ ವಿಷಯ ಬೇರೆ. ಆಗ ರಿವ್ಯೂನ ಚಿತ್ರ, ದಿನಾಂಕ, ಕೊಂಡಿಗಳನ್ನು ಉಳಿಸಿಕೊಂಡು ವಕೀಲರನ್ನು ನೋಡಬೇಕು. ಆಗಲೂ ಸಾರ್ವಜನಿಕ ಉತ್ತರದಲ್ಲಿ "ಕಾನೂನು ಕ್ರಮ" ಎಂಬ ಪದ ಬರಬೇಕಿಲ್ಲ, ಕ್ರಮ ಕೈಗೊಳ್ಳುವವರು ಅದನ್ನು ಮೊದಲೇ ಸಾರುವುದಿಲ್ಲ. ಉತ್ತರದಲ್ಲಿ ಗಿರಾಕಿಯನ್ನು ಸುಳ್ಳುಗಾರರು, ವಸೂಲಿಗಾರರು ಎಂದು ಬರೆದರೆ ಅದೇ ಕಲಂ ಅಂಗಡಿಯ ಕಡೆಗೂ ತಿರುಗುತ್ತದೆ.

ನಮ್ಮ ಉತ್ತರ ಓದಿ ಅವರು ಇನ್ನಷ್ಟು ಸಿಟ್ಟಿನಿಂದ ರಿವ್ಯೂ ತಿದ್ದಿದರೆ?

ಹೊಸ ಸಂಗತಿ ಏನಾದರೂ ಇದೆಯೇ ಎಂದು ನೋಡಿ. ಇದ್ದರೆ ಉತ್ತರವನ್ನು ಒಮ್ಮೆ ತಿದ್ದಿ ಅದಕ್ಕಷ್ಟೇ ಉತ್ತರಿಸಿ. ಬೈಗುಳ ಮಾತ್ರ ಹೆಚ್ಚಿದ್ದರೆ ಮುಟ್ಟಬೇಡಿ. ಸಮಾಧಾನದ ಉತ್ತರದ ಮೇಲೆ ಕೂಗಾಟ ಇದ್ದಾಗ ಓದುವವರು ಯಾರ ಪಕ್ಷ ವಹಿಸುತ್ತಾರೆಂದು ಹೇಳಬೇಕಿಲ್ಲ.

ವಿಷಯ ಬಗೆಹರಿದ ಮೇಲೆ ಇನ್ನೇನಾದರೂ ಮಾಡುವುದಿದೆಯೆ?

ಉದಾಹರಣೆಯ ಗಿರಾಕಿ ಸೀರೆ ತಂದು ಹಣ ವಾಪಸ್ ಪಡೆದರು ಎಂದುಕೊಳ್ಳೋಣ. ಪರೀಕ್ಷೆ ಬೇಡವೆಂದರು, ರಿವ್ಯೂ ತೆಗೆಯಲಿಲ್ಲ. ಆಗ ಮಾಲೀಕರು ತಮ್ಮ ಉತ್ತರದ ಕೊನೆಗೆ ಒಂದು ಸಾಲು ಸೇರಿಸಬಹುದು: "ಅಂಗಡಿಗೆ ಬಂದು ಮಾತನಾಡಿದ್ದಕ್ಕೆ ಧನ್ಯವಾದ. ಈ ದೂರು ನಮ್ಮ ಕಡೆಯಿಂದ ಇತ್ಯರ್ಥವಾಗಿದೆ." ಹಣ ಕೊಟ್ಟ ವಿಷಯವನ್ನು ಬಿಡಿಸಿ ಹೇಳುವುದು ಗಿರಾಕಿಗೆ ಬಿಟ್ಟದ್ದು. ಹಣ ಕೊಟ್ಟಾಗ ಬಿಲ್‌ನ ಪ್ರತಿಯ ಮೇಲೆ, ಸೀರೆ ವಾಪಸ್ ಬಂದು ಹಣ ಸಂದಾಯವಾಗಿದೆ ಎಂದು ಬರೆಸಿ ಸಹಿ ಪಡೆದಿಟ್ಟುಕೊಳ್ಳಿ.

ಉಳಿದ ಎರಡು ಸೀರೆಗಳು, ಒದ್ದೆ ಬಟ್ಟೆಯ ಕೆಂಪು ತುಂಡಿನ ಸಮೇತ, ಸಗಟು ವ್ಯಾಪಾರಿಗೆ ಹಿಂದಿರುಗಬೇಕು. ಅದೇ ಲಾಟ್‌ನಲ್ಲಿ ಈಗಾಗಲೇ ಮಾರಾಟವಾದ ಬೇರೆ ಸೀರೆಗಳಿದ್ದರೆ ಆ ಗಿರಾಕಿಗಳಿಗೆ ಅಂಗಡಿಯೇ ಕರೆ ಮಾಡಿ, "ಒಗೆಯಬೇಡಿ, ತಂದು ಕೊಡಿ" ಎಂದು ಹೇಳಬೇಕು. ಎರಡನೆಯ ರಿವ್ಯೂ ಬರುವುದಾದರೆ ಅಲ್ಲಿಂದಲೇ ಬರುತ್ತದೆ. ಹೊಸ ಲಾಟ್ ಬಂದಾಗ ಕಡುಬಣ್ಣದ ಅಂಚಿನ ಪ್ರತಿ ಬಗೆಯಿಂದ ಒಂದು ಸೀರೆಯನ್ನು ಬಿಳಿ ಬಟ್ಟೆಯಿಂದ ಪರೀಕ್ಷಿಸಿಯೇ ಅಲಮಾರಿಗೆ ಹಾಕಿ. ಬಿಲ್ ಜೊತೆಗೆ "ಮೊದಲ ಸಲ ಡ್ರೈ ವಾಷ್ ಮಾಡಿಸಿ, ನೆನೆಹಾಕಬೇಡಿ" ಎಂಬ ಕನ್ನಡದ ಚೀಟಿ ಇಡಿ. ದೂರು ಹಿಡಿದು ಬಂದವರನ್ನು ಮಾಲೀಕರಿಲ್ಲದ ಹೊತ್ತಿನಲ್ಲಿ ಯಾರು ಕೂರಿಸಿ ಮಾತನಾಡಿಸಬೇಕು, ಎಷ್ಟು ರೂಪಾಯಿವರೆಗೆ ಅವರೇ ನಿರ್ಧಾರ ಮಾಡಬಹುದು ಎಂಬುದನ್ನು ಭಾನುವಾರ ಬರುವ ಮೊದಲೇ ಹೇಳಿಟ್ಟಿರಿ.